ಹುಡುಕಬಹುದಾದ ಸ್ಕ್ಯಾನ್ ಪಿಡಿಎಫ್: ಪುಟದ ಚಿತ್ರಕ್ಕೆ ಸರಿಯಾಗಿ ಕೂರುವ ಅಡಗುಪಠ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಶಾಲೆಗಳು, ಸಹಕಾರ ಸಂಘಗಳು ಮತ್ತು ಸಣ್ಣ ಗ್ರಂಥಾಲಯಗಳು ತಮ್ಮ ಹಳೆಯ ಸ್ಮರಣ ಸಂಚಿಕೆ, ವಾರ್ಷಿಕ ವರದಿಗಳನ್ನು ಸ್ಕ್ಯಾನ್ ಮಾಡಿಸುತ್ತಿವೆ. ಸ್ಕ್ಯಾನ್ ಆದ ಮೇಲೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮಾತು ಗಾಳಿಯಲ್ಲಿ ಹೋಗಬಾರದೆಂದು ಒಂದೇ ಪುಟವನ್ನು ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಸಂಘ ಮೊಳೆ ಅಚ್ಚಿನಲ್ಲಿ ಮುದ್ರಿಸಿದ ಸಂಚಿಕೆಯ 42ನೆಯ ಪುಟ. ಹಾಳೆಯ ಅಳತೆ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. ಅದರ ನಡುಭಾಗದ ಒಂದು ಸಾಲಿನಲ್ಲಿ ‘ಇರ್ವಿನ್ ನಾಲೆಯ ವಿಸ್ತರಣೆ’ ಎಂಬ ಮಾತು ಇದೆ. ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವುದನ್ನೇ ಹಳೆಯ ಮುದ್ರಣಗಳು ಇರ್ವಿನ್ ನಾಲೆ ಎನ್ನುತ್ತವೆ. ಹಾಗಾಗಿ ನಾಲೆಯ ಚರಿತ್ರೆ ಹುಡುಕುವವರು ಎರಡೂ ಹೆಸರನ್ನು ಹಾಕಿ ನೋಡಬೇಕು.

ಅಡಗುಪಠ್ಯ ಎಂದರೇನು? ಅದು ಎಲ್ಲಿರುತ್ತದೆ?

ಪಿಡಿಎಫ್ ಪುಟದಲ್ಲಿ ಸ್ಕ್ಯಾನ್ ಮಾಡಿದ ಚಿತ್ರ ಒಂದು ಪದರ. ಅದೇ ಪುಟದಲ್ಲಿ ಇನ್ನೊಂದು ಪದರವಾಗಿ ಅಕ್ಷರಗಳನ್ನು ಬರೆಯಬಹುದು. ಅಕ್ಷರಕ್ಕೆ ಮಸಿ ತುಂಬಬೇಡ, ಅಂಚೂ ಎಳೆಯಬೇಡ ಎಂದು ಪಿಡಿಎಫ್‌ಗೆ ಹೇಳುವ ಒಂದು ಸೂಚನೆ ಇದೆ: `3 Tr`. ಈ ಸೂಚನೆಯ ನಂತರ ಬರೆದ ಪಠ್ಯ ಕಣ್ಣಿಗೆ ಕಾಣುವುದಿಲ್ಲ, ಆದರೆ ಹುಡುಕಿದರೆ ಸಿಗುತ್ತದೆ, ಎಳೆದು ಆಯ್ದರೆ ನಕಲಾಗುತ್ತದೆ. ಚಿತ್ರದಲ್ಲಿ ‘ಇರ್ವಿನ್’ ಎಂಬ ಪದ ಎಲ್ಲಿದೆಯೋ ಅದೇ ಜಾಗದಲ್ಲಿ, ಅದೇ ಅಗಲದಲ್ಲಿ ಈ ಕಾಣದ ಪದವನ್ನೂ ಕೂರಿಸುವುದೇ ನಮ್ಮ ಕೆಲಸ.

ಜಾಗ ಅಷ್ಟು ಕರಾರುವಾಕ್ಕಾಗಿ ಇರಲೇಬೇಕೇ? ಹುಡುಕಿದಾಗ ಸಿಕ್ಕರೆ ಸಾಲದೇ?

ಸಾಲದು. ಹುಡುಕಿದ ಪದದ ನೀಲಿ ಗುರುತು ಪಕ್ಕದ ಸಾಲಿನ ಮೇಲೆ ಬಿದ್ದರೆ ಓದುಗರು ಪದ ಸಿಗಲಿಲ್ಲವೆಂದೇ ತಿಳಿಯುತ್ತಾರೆ. ಎರಡು ಅಂಕಣದ ಪುಟದಲ್ಲಿ ಇನ್ನೂ ತೊಂದರೆ: ಸಾಲುಗಳು ಒಂದರ ಮೇಲೊಂದು ಹತ್ತಿದರೆ ನಕಲು ಮಾಡಿದಾಗ ಎಡ ಅಂಕಣದ ಅರ್ಧ ವಾಕ್ಯಕ್ಕೆ ಬಲ ಅಂಕಣದ ಅರ್ಧ ಅಂಟಿಕೊಂಡು ಬರುತ್ತದೆ. ಸದಸ್ಯರ ಪಟ್ಟಿಯಲ್ಲಿ ಒಬ್ಬರ ಹೆಸರಿನ ಎದುರು ಇನ್ನೊಬ್ಬರ ಷೇರು ಮೊತ್ತ ಬಂದು ಕೂತರೆ ಅದನ್ನು ಯಾರೂ ನಂಬಬಾರದು.

ಒಂದೇ ಆಜ್ಞೆಯಲ್ಲಿ ಇದೆಲ್ಲ ಆಗುವುದಿಲ್ಲವೇ?

ಬಹುಪಾಲು ಪುಸ್ತಕಗಳಿಗೆ ಆಗುತ್ತದೆ, ಮತ್ತು ಮೊದಲು ಅದನ್ನೇ ಮಾಡಬೇಕು. ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶವನ್ನು ಒಳಗಿಟ್ಟುಕೊಂಡು ಕೆಲಸ ಮಾಡುವ ಉಚಿತ ಸಾಧನವೊಂದಿದೆ. ಕನ್ನಡದ ದತ್ತಾಂಶ ಕಡತ `kan` ಸ್ಥಾಪಿಸಿಕೊಂಡಿದ್ದರೆ ಇಷ್ಟು ಸಾಕು:

```
ocrmypdf -l kan+eng --deskew --sidecar sanchike.txt sanchike.pdf sanchike-ocr.pdf
```

`--deskew` ವಾರೆಯಾದ ಪುಟವನ್ನು ನೇರ ಮಾಡುತ್ತದೆ. ನೇರ ಮಾಡಿದ ಆ ಚಿತ್ರವೇ ಅಂತಿಮ ಪಿಡಿಎಫ್‌ಗೂ ಹೋಗುವುದರಿಂದ ಪಠ್ಯ ಜಾರುವುದಿಲ್ಲ. `--sidecar` ಪಠ್ಯವನ್ನು ಪ್ರತ್ಯೇಕ ಕಡತದಲ್ಲೂ ಕೊಡುತ್ತದೆ. ಪಠ್ಯ ತಿದ್ದಬೇಕಾದಾಗ, ಕಪ್ಪುಬಿಳುಪು ಮಾಡಿದ ಚಿತ್ರದಿಂದ ಓದಿಸಿ ಬಣ್ಣದ ಚಿತ್ರವನ್ನು ಪಿಡಿಎಫ್‌ನಲ್ಲಿ ಇಡಬೇಕಾದಾಗ, ಅಥವಾ ಯಾರೋ ಮಾಡಿಕೊಟ್ಟ ಪಿಡಿಎಫ್‌ನಲ್ಲಿ ಪಠ್ಯ ಜಾರಿದ್ದು ಏಕೆಂದು ಕಂಡುಹಿಡಿಯಬೇಕಾದಾಗ ಒಳಗಿನ ಲೆಕ್ಕ ಗೊತ್ತಿರಲೇಬೇಕು. ಮುಂದಿನ ಉತ್ತರಗಳೆಲ್ಲ ಆ ಲೆಕ್ಕದವು.

ಚಿತ್ರದ ಪಿಕ್ಸೆಲ್‌ನಿಂದ ಪಿಡಿಎಫ್‌ನ ಜಾಗಕ್ಕೆ ಹೋಗುವುದು ಹೇಗೆ?

42ನೆಯ ಪುಟವನ್ನೇ ತೆಗೆದುಕೊಳ್ಳೋಣ. ಅದನ್ನು 300 ಡಿಪಿಐನಲ್ಲಿ, ಎಂದರೆ ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಚಿತ್ರ 1650 ಪಿಕ್ಸೆಲ್ ಅಗಲ, 2550 ಪಿಕ್ಸೆಲ್ ಎತ್ತರ ಇರುತ್ತದೆ. ಪಿಡಿಎಫ್‌ನ ಅಳತೆಗೋಲು ಪಾಯಿಂಟ್, ಅಂಗುಲಕ್ಕೆ 72. ಹಾಗಾಗಿ ಪಿಡಿಎಫ್‌ನಲ್ಲಿ ಪುಟ 396 ಪಾಯಿಂಟ್ ಅಗಲ, 612 ಪಾಯಿಂಟ್ ಎತ್ತರ. ಒಂದು ಪಿಕ್ಸೆಲ್‌ಗೆ 72 ಭಾಗಿಸು 300, ಅಂದರೆ 0.24 ಪಾಯಿಂಟ್. ಈ ಒಂದು ಸಂಖ್ಯೆಯನ್ನು ಪುಟದ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಗುಣಾಕಾರ.

ಪದಗಳ ಜಾಗವನ್ನು ಟೆಸರಾಕ್ಟ್‌ನಿಂದ ಪಡೆಯುವುದು ಹೀಗೆ:

```
tesseract 042.tif 042 -l kan+eng hocr
```

ಇದರಿಂದ `042.hocr` ಎಂಬ ಕಡತ ಸಿಗುತ್ತದೆ. ನಮ್ಮ ಸಾಲು ಅದರಲ್ಲಿ ಸುಮಾರು ಹೀಗಿರುತ್ತದೆ. ಓದಲು ಸುಲಭವಾಗಲೆಂದು ಬೇಡದ ಭಾಗಗಳನ್ನು ತೆಗೆದಿದ್ದೇನೆ:

```
<span class='ocr_line' title="bbox 180 1306 1470 1376; baseline 0 -26">
<span class='ocrx_word' title='bbox 420 1310 570 1352; x_wconf 88'>ಇರ್ವಿನ್</span>
```

`bbox` ನಂತರದ ನಾಲ್ಕು ಸಂಖ್ಯೆಗಳು ಎಡ, ಮೇಲು, ಬಲ, ಕೆಳಗು. ಪದ ಎಡದಿಂದ 420ನೆಯ ಪಿಕ್ಸೆಲ್‌ನಲ್ಲಿ ಶುರುವಾಗಿ 570ರಲ್ಲಿ ಮುಗಿಯುತ್ತದೆ. ಪಿಡಿಎಫ್‌ನಲ್ಲಿ ಅದರ ಆರಂಭ 420 × 0.24, ಅಂದರೆ 100.8 ಪಾಯಿಂಟ್, ಅಗಲ 150 × 0.24, ಅಂದರೆ 36 ಪಾಯಿಂಟ್.

ಎತ್ತರದ ಲೆಕ್ಕದಲ್ಲಿ ಒಂದು ತಿರುವು ಇದೆ. ಚಿತ್ರದಲ್ಲಿ ಎಣಿಕೆ ಮೇಲಿನಿಂದ ಕೆಳಕ್ಕೆ ಬರುತ್ತದೆ, ಪಿಡಿಎಫ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಅಕ್ಷರಗಳು ಕೂರುವ ಗೆರೆ ಚಿತ್ರದಲ್ಲಿ 1350ನೆಯ ಪಿಕ್ಸೆಲ್‌ನಲ್ಲಿದ್ದರೆ, ಪಿಡಿಎಫ್‌ನಲ್ಲಿ ಅದು (2550 − 1350) × 0.24, ಅಂದರೆ 288 ಪಾಯಿಂಟ್.

1350 ಎಲ್ಲಿಂದ ಬಂತು? ಪದದ ಚೌಕದ ಕೆಳ ಅಂಚು 1352 ಎಂದಿದೆಯಲ್ಲ?

ಕನ್ನಡಕ್ಕೆ ಬಹಳ ಮುಖ್ಯವಾದ ಸಂಗತಿ ಇದು, ಇಂಗ್ಲಿಷ್ ಪುಟಗಳಿಗೆಂದು ಬರೆದ ಎಷ್ಟೋ ಸಣ್ಣ ಪ್ರೋಗ್ರಾಂಗಳು ಎಡವುವುದೂ ಇಲ್ಲಿಯೇ. ಪದದ ಚೌಕದ ಕೆಳ ಅಂಚನ್ನೇ ಗೆರೆ ಎಂದುಕೊಂಡರೆ ‘ಇರ್ವಿನ್’ ಪದಕ್ಕೆ ಹೆಚ್ಚು ವ್ಯತ್ಯಾಸವಾಗುವುದಿಲ್ಲ, ಏಕೆಂದರೆ ಅದರಲ್ಲಿ ಗೆರೆಯ ಕೆಳಗೆ ಇಳಿಯುವ ಒತ್ತಕ್ಷರವಿಲ್ಲ. ಆದರೆ ಅದೇ ಸಾಲಿನ ‘ವಿಸ್ತರಣೆ’ ಪದದಲ್ಲಿ ತ ಒತ್ತು ಇದೆ. ಆ ಪದದ ಚೌಕ 1374ರವರೆಗೆ ಇಳಿಯುತ್ತದೆ. ಹಾಗೆ ಕೂರಿಸಿದರೆ ಎರಡು ಪದಗಳ ನಡುವೆ 22 ಪಿಕ್ಸೆಲ್, ಎಂದರೆ ಐದು ಪಾಯಿಂಟ್‌ಗೂ ಹೆಚ್ಚು ಏರಿಳಿತ ಬರುತ್ತದೆ. ಪಿಡಿಎಫ್ ತೆರೆಯುವ ತಂತ್ರಾಂಶ ಅವೆರಡೂ ಬೇರೆ ಬೇರೆ ಸಾಲುಗಳೆಂದು ತಿಳಿಯಬಹುದು. ಆಗ ನಕಲು ಮಾಡಿದ ವಾಕ್ಯದಲ್ಲಿ ಒತ್ತಕ್ಷರವಿರುವ ಪದಗಳೆಲ್ಲ ಒಂದು ಕಡೆ, ಇಲ್ಲದವು ಇನ್ನೊಂದು ಕಡೆ ಸೇರುತ್ತವೆ.

ಆದ್ದರಿಂದ ಗೆರೆಯನ್ನು ಪದದಿಂದ ತೆಗೆದುಕೊಳ್ಳದೆ ಸಾಲಿನಿಂದ ತೆಗೆದುಕೊಳ್ಳಬೇಕು. ಸಾಲಿನ ವಿವರದಲ್ಲಿ `baseline 0 -26` ಎಂದಿದೆ. ಮೊದಲ ಸಂಖ್ಯೆ ಸಾಲಿನ ಓರೆ, ಎರಡನೆಯದು ಸಾಲಿನ ಚೌಕದ ಕೆಳ ಅಂಚಿನಿಂದ ಗೆರೆ ಎಷ್ಟು ಮೇಲಿದೆ ಎಂಬುದು. ಸಾಲಿನ ಕೆಳ ಅಂಚು 1376. ಅದರಲ್ಲಿ 26 ಕಳೆದರೆ 1350. ಓರೆ ಸೊನ್ನೆಯಾಗಿರದೆ 0.002 ಇದ್ದಿದ್ದರೆ, ಸಾಲಿನ ಎಡ ತುದಿಯಿಂದ ಪದದವರೆಗಿನ 240 ಪಿಕ್ಸೆಲ್ ದೂರಕ್ಕೆ ಅರ್ಧ ಪಿಕ್ಸೆಲ್‌ನಷ್ಟು ಕೂಡಿಸಬೇಕಾಗುತ್ತಿತ್ತು. ಒಂದು ಸಾಲಿನ ಎಲ್ಲ ಪದಗಳೂ ಒಂದೇ ಗೆರೆಯ ಮೇಲೆ ಕೂತ ಮೇಲೆ ನಕಲು ಮಾಡಿದ ಪಠ್ಯದ ಕ್ರಮ ಎಷ್ಟು ಸರಿಹೋಗುತ್ತದೆ ಎಂಬುದನ್ನು ನೀವೇ ನೋಡಿ.

ಪದದ ಒಳಗೆ ಅಕ್ಷರ ಅಕ್ಷರವೂ ಚಿತ್ರದ ಮೇಲೆ ಕೂರುತ್ತದೆಯೇ?

ಇಲ್ಲ. ಕನ್ನಡದಲ್ಲಿ ಅದನ್ನು ನಿರೀಕ್ಷಿಸಲೂಬಾರದು. ಪದದ ಆರಂಭ ಮತ್ತು ಕೊನೆ ಚಿತ್ರದ ಪದಕ್ಕೆ ಸರಿಯಾಗಿ ಹೊಂದಬೇಕು, ಒಳಗಿನದು ಅಂದಾಜು.

‘ಇರ್ವಿನ್’ ಪದ ಯೂನಿಕೋಡ್‌ನಲ್ಲಿ ಏಳು ಸಂಕೇತಗಳು: ಇ, ರ, ಹಲಂತ ಚಿಹ್ನೆ, ವ, ಗುಡಿಸು, ನ, ಮತ್ತೆ ಹಲಂತ ಚಿಹ್ನೆ. ಕಾಗದದ ಮೇಲೆ ಅರ್ಕಾವತ್ತು ‘ವಿ’ಯ ಬಲಕ್ಕೆ ಇದೆ, ಆದರೆ ಸಂಕೇತಗಳ ಸಾಲಿನಲ್ಲಿ ರಕಾರ ವಕಾರಕ್ಕಿಂತ ಮೊದಲು ಬರುತ್ತದೆ. ಕಣ್ಣಿಗೆ ಕಾಣುವ ಕ್ರಮಕ್ಕೆ ಸಂಕೇತಗಳನ್ನು ಹೊಂದಿಸಲು ಹೋದರೆ ಹುಡುಕಾಟವೇ ಕೆಡುತ್ತದೆ. ಟೆಸರಾಕ್ಟ್ ಇದಕ್ಕೆ ಒಳ್ಳೆಯ ಉಪಾಯ ಮಾಡಿದೆ: ಅದು ಬಳಸುವ ಫಾಂಟ್‌ನಲ್ಲಿ ಅಕ್ಷರಗಳ ಆಕಾರವೇ ಇಲ್ಲ, ಪ್ರತಿಯೊಂದು ಸಂಕೇತಕ್ಕೂ ಅಕ್ಷರದ ಗಾತ್ರದ ಅರ್ಧದಷ್ಟು ಖಾಲಿ ಅಗಲ ಮಾತ್ರ ಇದೆ. 12 ಪಾಯಿಂಟ್ ಗಾತ್ರದಲ್ಲಿ ಬರೆದರೆ ಪ್ರತಿ ಸಂಕೇತಕ್ಕೆ 6 ಪಾಯಿಂಟ್, ಏಳಕ್ಕೆ 42 ಪಾಯಿಂಟ್. ಚಿತ್ರದಲ್ಲಿರುವ ಪದ 36 ಪಾಯಿಂಟ್. 36 ಭಾಗಿಸು 42, ಅಂದರೆ ಶೇಕಡಾ 85.71ಕ್ಕೆ ಪದವನ್ನು ಅಡ್ಡಕ್ಕೆ ಕುಗ್ಗಿಸಬೇಕು. ಪಿಡಿಎಫ್‌ನಲ್ಲಿ ಆ ಸೂಚನೆಯ ಹೆಸರು `Tz`. ಎಲ್ಲವನ್ನೂ ಸೇರಿಸಿದರೆ ನಮ್ಮ ಪದ ಹೀಗಾಗುತ್ತದೆ:

```
BT
3 Tr
/F1 12 Tf
85.71 Tz
1 0 0 1 100.8 288 Tm
<0C870CB00CCD0CB50CBF0CA80CCD> Tj
ET
```

ಹೀಗಿರುವುದರಿಂದ ಪದದ ಅರ್ಧವನ್ನು ಮಾತ್ರ ಎಳೆದು ಆಯ್ದರೆ ನೀಲಿ ಗುರುತು ಅಕ್ಷರದ ನಡುವೆ ನಿಲ್ಲುತ್ತದೆ. ಇನ್ನೊಂದು ವಿಷಯ: ಆ ಖಾಲಿ ಫಾಂಟ್‌ಗೆ ಗೆರೆಯ ಕೆಳಗಿನ ಆಳ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನೀಲಿ ಗುರುತು ಒತ್ತಕ್ಷರವನ್ನು ಮುಚ್ಚದೆ ಬಿಡಬಹುದು. ಇವೆರಡನ್ನೂ ದೋಷವೆಂದು ತಿಳಿದು ತಿದ್ದಲು ಹೋಗಬೇಡಿ.

ಖಾಲಿ ಫಾಂಟ್‌ನ ಬದಲು ನಿಜವಾದ ಕನ್ನಡ ಫಾಂಟನ್ನು ಹಾಕಿದರೆ ಚೆನ್ನಲ್ಲವೇ ಎಂದು ಕೇಳುವವರಿದ್ದಾರೆ. ಚೆನ್ನಲ್ಲ. ನಿಜವಾದ ಫಾಂಟ್‌ನಲ್ಲಿ ‘ರ್ವಿ’ ಬೇರೆಯೇ ಆಕಾರಗಳಾಗಿ ಒಡೆಯುತ್ತದೆ. ಆ ಆಕಾರಗಳಿಂದ ಮೂಲ ಸಂಕೇತಗಳಿಗೆ ಹಿಂತಿರುಗುವ ನಕ್ಷೆ ಸ್ವಲ್ಪ ತಪ್ಪಿದರೂ ನಕಲು ಮಾಡಿದ ಪಠ್ಯ ಕಲಸಿಹೋಗುತ್ತದೆ. ಕಾಣದ ಪದರಕ್ಕೆ ಅಕ್ಷರದ ಅಂದ ಬೇಕಿಲ್ಲ.

ಪಠ್ಯ ಜಾರಿದೆ. ಕಾರಣವನ್ನು ಹೇಗೆ ಪತ್ತೆ ಮಾಡುವುದು?

ಪುಟದ ಮೇಲಿನ ಎಡ ಮೂಲೆಯಲ್ಲಿ ಒಂದು ಪದ, ನಡುವೆ ಒಂದು, ಕೆಳಗಿನ ಬಲ ಮೂಲೆಯಲ್ಲಿ ಒಂದು, ಹೀಗೆ ಮೂರು ಪದಗಳನ್ನು ಹುಡುಕಿ ನೀಲಿ ಗುರುತು ಎಲ್ಲಿ ಬೀಳುತ್ತದೆ ನೋಡಿ. ಜಾರಿದ ರೀತಿಯೇ ಕಾರಣವನ್ನು ಹೇಳುತ್ತದೆ.

ಮೂರೂ ಪದಗಳು ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಜಾರಿದ್ದರೆ ಅಂಚು ಕತ್ತರಿಸಿದ ಲೆಕ್ಕ ತಪ್ಪಿದೆ. ಸಣ್ಣ ಪುಸ್ತಕವನ್ನು ಎ4 ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ, ಇಡೀ ಚಿತ್ರವನ್ನು ಓದಿಸಿ, ಆಮೇಲೆ ಖಾಲಿ ಅಂಚನ್ನು ಕತ್ತರಿಸಿದ ಚಿತ್ರವನ್ನು ಪಿಡಿಎಫ್‌ಗೆ ಹಾಕಿದರೆ ಹೀಗಾಗುತ್ತದೆ. ಕತ್ತರಿಸುವುದು ಮೊದಲು, ಓದಿಸುವುದು ನಂತರ.

ಪುಟದ ಒಂದು ಮೂಲೆಯ ಬಳಿ ಸ್ವಲ್ಪವೇ ಜಾರಿದ್ದು, ಅಲ್ಲಿಂದ ದೂರ ಹೋದಂತೆ ಜಾರುವಿಕೆ ಬೆಳೆಯುತ್ತಿದ್ದರೆ ಡಿಪಿಐ ಸಂಖ್ಯೆ ತಪ್ಪಿದೆ. ಮೊಬೈಲ್‌ನಿಂದ ಬಂದ ಅಥವಾ ವಾಟ್ಸ್‌ಆ್ಯಪ್ ಮೂಲಕ ಹಾದು ಬಂದ ಚಿತ್ರಗಳಲ್ಲಿ ಡಿಪಿಐ ಮಾಹಿತಿ ಇಲ್ಲದಿರುವುದು ಸಾಮಾನ್ಯ. ಆಗ ಒಂದೊಂದು ಸಾಧನ ಒಂದೊಂದು ಊಹೆ ಮಾಡುತ್ತದೆ: `img2pdf` 96 ಎಂದುಕೊಳ್ಳುತ್ತದೆ, ಟೆಸರಾಕ್ಟ್ ತನ್ನದೇ ಅಂದಾಜು ಮಾಡುತ್ತದೆ ಅಥವಾ 70 ಎಂದು ಎಚ್ಚರಿಕೆ ಬರೆದು ಮುಂದುವರಿಯುತ್ತದೆ. ಚಿತ್ರದ ಪುಟವನ್ನು ಒಂದು ಅಳತೆಯಲ್ಲೂ ಪಠ್ಯದ ಪುಟವನ್ನು ಇನ್ನೊಂದು ಅಳತೆಯಲ್ಲೂ ಮಾಡಿದರೆ ಅವು ಹೊಂದುವುದು ಹೇಗೆ? ಚಿತ್ರಕ್ಕೆ ಸರಿಯಾದ ಡಿಪಿಐ ಬರೆದು ಮತ್ತೆ ಓದಿಸಿ.

ಸಾಲಿನ ಎಡ ತುದಿಯಲ್ಲಿ ಸರಿಯಿದ್ದು ಬಲ ತುದಿಯಲ್ಲಿ ಮೇಲಕ್ಕೋ ಕೆಳಕ್ಕೋ ಹೋಗಿದ್ದರೆ, ಓದಿಸಿದ್ದು ನೇರ ಮಾಡಿದ ಚಿತ್ರ, ಪಿಡಿಎಫ್‌ನಲ್ಲಿರುವುದು ವಾರೆಯ ಚಿತ್ರ. ಪುಟದ ಮೇಲ್ತುದಿಯ ಪದ ಹುಡುಕಿದರೆ ಕೆಳತುದಿಯಲ್ಲಿ ಗುರುತು ಬಿದ್ದರೆ ಎತ್ತರದ ಲೆಕ್ಕವನ್ನು ತಿರುಗಿಸಿಲ್ಲ.

ಪುಸ್ತಕದ ಬೆನ್ನಿನ ಬಳಿ ಸಾಲುಗಳು ಬಾಗಿರುವ ಪುಟದ ಕಥೆ ಬೇರೆ. ಬಾಗನ್ನು ಸರಿಪಡಿಸಿದ ಚಿತ್ರದಿಂದ ಓದಿಸಿ ಬಾಗಿದ ಚಿತ್ರವನ್ನೇ ಇಡುತ್ತೇನೆಂದರೆ ಯಾವ ಒಂದು ಗುಣಾಕಾರದಿಂದಲೂ ಅವು ಹೊಂದುವುದಿಲ್ಲ. ಸರಿಪಡಿಸಿದ ಚಿತ್ರವನ್ನೇ ಪಿಡಿಎಫ್‌ಗೂ ಹಾಕಿ.

ಕಣ್ಣಂದಾಜು ಸಾಲದಿದ್ದರೆ ಪಿಡಿಎಫ್ ಪದಗಳ ಜಾಗವನ್ನು ಸಂಖ್ಯೆಯಲ್ಲೇ ಕೇಳಬಹುದು:

```
pdftotext -f 42 -l 42 -bbox sanchike-ocr.pdf 042.html
```

ಇದರ ಫಲಿತಾಂಶದಲ್ಲಿ ‘ಇರ್ವಿನ್’ ಪದದ `xMin` 100.8ರ ಆಸುಪಾಸು, `xMax` 136.8ರ ಆಸುಪಾಸು ಇರಬೇಕು. ಅವೆರಡೂ ಹೊಂದಿದರೆ ಪದ ತನ್ನ ಜಾಗದಲ್ಲಿದೆ. ಅಲ್ಲಿನ ಎತ್ತರದ ಎಣಿಕೆ ಮೇಲಿನಿಂದ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಕಪ್ಪುಬಿಳುಪು ಮಾಡಿದ ಚಿತ್ರದಿಂದ ಚೆನ್ನಾಗಿ ಓದುತ್ತದೆ, ಆದರೆ ಓದುಗರಿಗೆ ಹಳದಿಯಾದ ಮೂಲ ಹಾಳೆಯೇ ಕಾಣಬೇಕು. ಸಾಧ್ಯವೇ?

ಸಾಧ್ಯ, ಮತ್ತು ನನಗೆ ಇಷ್ಟವಾದ ವಿಧಾನವೂ ಇದೇ. ಹಳೆಯ ಹಾಳೆಯ ಬಣ್ಣ, ಮೊಹರು, ಅಂಚಿನ ಟಿಪ್ಪಣಿ ಎಲ್ಲವೂ ದಾಖಲೆಯ ಭಾಗ. ಪಠ್ಯ ಮಾತ್ರ ಇರುವ ಪಿಡಿಎಫ್ ಒಂದನ್ನು, ಚಿತ್ರ ಮಾತ್ರ ಇರುವುದೊಂದನ್ನು ಮಾಡಿ, ಒಂದರ ಮೇಲೊಂದು ಇಡಬೇಕು:

```
tesseract 042-bw.tif 042-text -l kan+eng -c textonly_pdf=1 pdf
img2pdf 042-color.jpg -o 042-img.pdf
qpdf 042-img.pdf --overlay 042-text.pdf -- 042.pdf
```

ಕಪ್ಪುಬಿಳುಪು ಚಿತ್ರವನ್ನು ಬಣ್ಣದ ಚಿತ್ರದಿಂದಲೇ ಮಾಡಿರಬೇಕು. ನಡುವೆ ಕತ್ತರಿಸಿರಬಾರದು, ತಿರುಗಿಸಿರಬಾರದು. ಮೂರನೆಯ ಆಜ್ಞೆಗೆ ಮುಂಚೆ ಎರಡೂ ಕಡತಗಳ ಪುಟದ ಅಳತೆಯನ್ನು `pdfinfo` ಕೊಟ್ಟು ನೋಡಿ. ಎರಡೂ 396 × 612 ಎಂದು ಬಂದರೆ ಮಾತ್ರ ಮುಂದುವರಿಯಿರಿ.

ಕಡತದ ಗಾತ್ರ ಇಳಿಸಲು ಚಿತ್ರವನ್ನು ಚಿಕ್ಕದು ಮಾಡಿದರೆ ಪಠ್ಯ ಜಾರುತ್ತದೆಯೇ?

ಪುಟದ ಅಳತೆ ಪಾಯಿಂಟ್‌ನಲ್ಲಿ ಬದಲಾಗದಿದ್ದರೆ ಜಾರುವುದಿಲ್ಲ. 1650 × 2550 ಪಿಕ್ಸೆಲ್‌ನ ಚಿತ್ರವನ್ನು 825 × 1275ಕ್ಕೆ ಇಳಿಸಿ ಡಿಪಿಐ 150 ಎಂದು ಬರೆದರೆ ಪುಟ ಆಗಲೂ 396 × 612 ಪಾಯಿಂಟ್. ಓದಿಸುವುದನ್ನು ಮಾತ್ರ ದೊಡ್ಡ ಚಿತ್ರದಿಂದಲೇ ಮಾಡಿ: ಸಾಮಾನ್ಯ ಅಚ್ಚಿಗೆ 300, ಒತ್ತಕ್ಷರಗಳು ತುಂಬ ಸಣ್ಣದಾಗಿದ್ದರೆ 400 ಡಿಪಿಐ.

ಪದ ಪುಟದಲ್ಲಿ ಕಾಣುತ್ತಿದೆ, ನಕಲು ಮಾಡಿದರೂ ಸರಿಯಾಗಿ ಬರುತ್ತದೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ಏಕೆ?

ಮೊದಲು ಅನುಮಾನಿಸಬೇಕಾದದ್ದು ಸೊನ್ನೆ. ಕನ್ನಡದ ಅನುಸ್ವಾರ ಮತ್ತು ಕನ್ನಡದ ಸೊನ್ನೆ ಅಂಕಿ ನೋಡಲು ಒಂದೇ, ಸಂಕೇತಗಳು ಬೇರೆ: ಅನುಸ್ವಾರ U+0C82, ಅಂಕಿ U+0CE6. ಗುರುತಿಸುವ ತಂತ್ರಾಂಶ ‘ಮಂಡ್ಯ’ದ ಅನುಸ್ವಾರವನ್ನು ಅಂಕಿಯಾಗಿ ಓದಿದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ, ಆದರೆ ಮಂಡ್ಯ ಎಂದು ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು ಕಾರಣ, ‘ಕೊ’, ‘ಕೋ’ದಂಥ ಅಕ್ಷರಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಪಿಡಿಎಫ್ ಮಾಡುವ ಮುಂಚೆ, ಪೈಥಾನ್‌ನಲ್ಲಿ `re`, `unicodedata` ಎರಡನ್ನೂ `import` ಮಾಡಿಕೊಂಡು, ಪ್ರತಿ ಪದಕ್ಕೆ ಈ ಎರಡು ಸಾಲು ಓಡಿಸಿದರೆ ಎರಡೂ ಸರಿಹೋಗುತ್ತವೆ:

```
s = unicodedata.normalize("NFC", s)
s = re.sub("(?<=[\u0C85-\u0CCD])\u0CE6", "\u0C82", s)
```

ಎರಡನೆಯ ಸಾಲು ಅಕ್ಷರದ ಹಿಂದೆಯೇ ಬಂದ ಸೊನ್ನೆಯನ್ನು ಮಾತ್ರ ಬದಲಿಸುತ್ತದೆ. ೧೯೪೦ ಎಂಬ ಇಸವಿಯ ಸೊನ್ನೆ ಹಾಗೆಯೇ ಉಳಿಯುತ್ತದೆ.

ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಡೆದ ಪದಗಳೂ ಸಿಗದೆ ಹೋಗಬಹುದು. ‘ವಿಸ್ತ-’ ಒಂದು ಸಾಲಿನಲ್ಲಿ, ‘ರಣೆ’ ಮುಂದಿನ ಸಾಲಿನಲ್ಲಿ. ಇಡೀ ಪದವನ್ನು ಮೊದಲ ತುಂಡಿನ ಚೌಕಕ್ಕೆ ತುರುಕಬೇಡಿ. ಎರಡು ತುಂಡುಗಳನ್ನೂ ಇದ್ದಲ್ಲೇ ಬಿಟ್ಟು, ಕೂಡಿಸಿದ ಪದವನ್ನು ಪ್ರತ್ಯೇಕ ಪಠ್ಯ ಕಡತದಲ್ಲಿ ಇಟ್ಟುಕೊಳ್ಳುವುದು ಲೇಸು.

ತಪ್ಪು ಓದಿದ ಪದಗಳನ್ನು ತಿದ್ದಿದರೆ ಹೊಂದಾಣಿಕೆ ಕೆಡುವುದಿಲ್ಲವೇ?

ಪಿಡಿಎಫ್‌ನಲ್ಲಿ ತಿದ್ದಲು ಹೋದರೆ ಕೆಡುತ್ತದೆ. `hocr` ಕಡತದಲ್ಲಿ ಪದವನ್ನು ಮಾತ್ರ ತಿದ್ದಿ, `bbox` ಸಂಖ್ಯೆಗಳನ್ನು ಮುಟ್ಟದೆ, ಪಿಡಿಎಫ್‌ನ್ನು ಹೊಸದಾಗಿ ಮಾಡಿ. ಅಕ್ಷರ ಹೆಚ್ಚುಕಡಿಮೆಯಾದರೂ `Tz` ಲೆಕ್ಕ ಮತ್ತೆ ನಡೆದು ಪದ ಅದೇ ಚೌಕಕ್ಕೆ ಹೊಂದುತ್ತದೆ. ಎಲ್ಲಿಂದ ಶುರು ಮಾಡಬೇಕೆಂದರೆ `x_wconf` ನೋಡಿ: ನೂರಕ್ಕೆ ಎಷ್ಟು ಖಾತ್ರಿಯಿಂದ ಓದಿದೆ ಎಂಬ ಅಂದಾಜು ಅದು. ಕಡಿಮೆ ಇರುವವನ್ನು ಮೊದಲು ತಿದ್ದಿ, ಊರು ಮತ್ತು ವ್ಯಕ್ತಿಗಳ ಹೆಸರುಗಳನ್ನು ಮಾತ್ರ ಅಂಕ ಎಷ್ಟೇ ಇರಲಿ ಕಣ್ಣಾರೆ ನೋಡಿ. ಜನ ಹುಡುಕುವುದು ಅವನ್ನೇ.

ನಮ್ಮ ಪಿಡಿಎಫ್ ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದು. ಆದರೂ ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಮಾಡಿದ ಕಡತ ಅದು. ಪಠ್ಯದ ಪದರ ಇದೆ, ಸಂಕೇತಗಳು ಕನ್ನಡದವಲ್ಲ. `ocrmypdf` ಇಂಥ ಕಡತವನ್ನು ಕಂಡು ಪಠ್ಯ ಈಗಾಗಲೇ ಇದೆ ಎಂದು ನಿಲ್ಲುತ್ತದೆ. `--force-ocr` ಕೊಟ್ಟರೆ ಪುಟವನ್ನು ಚಿತ್ರವಾಗಿಸಿ ಹೊಸದಾಗಿ ಓದುತ್ತದೆ. ಮೂಲ ಟೈಪ್ ಕಡತ ಸಿಕ್ಕಿದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವುದೇ ಉತ್ತಮ.

ಸದಸ್ಯರ ವಿಳಾಸಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದೇವೆ. ಅಷ್ಟು ಸಾಕೇ?

ಸಾಲದು. ಪಟ್ಟಿ ಮುಚ್ಚುವುದು ಚಿತ್ರವನ್ನು ಮಾತ್ರ. ಕೆಳಗಿನ ಅಡಗುಪಠ್ಯ ಹಾಗೆಯೇ ಇರುತ್ತದೆ, ಯಾರಾದರೂ ಪುಟವನ್ನೆಲ್ಲ ಆಯ್ದು ನಕಲು ಮಾಡಿದರೆ ವಿಳಾಸ ಹೊರಬರುತ್ತದೆ. ಮೂಲ ಚಿತ್ರದಲ್ಲೇ ಆ ಭಾಗವನ್ನು ಕಪ್ಪು ಮಾಡಿ, `hocr` ಕಡತದಿಂದ ಆ ಪದಗಳನ್ನು ಅಳಿಸಿ, ಪಿಡಿಎಫ್ ಮತ್ತು ಜೊತೆಯ ಪಠ್ಯ ಕಡತ ಎರಡನ್ನೂ ಹೊಸದಾಗಿ ಮಾಡಿ. ಹಂಚುವ ಮುಂಚೆ `pdftotext` ಕೊಟ್ಟು ಹೊರಬಂದ ಪಠ್ಯದಲ್ಲಿ ಮುಚ್ಚಿದ ಒಂದೊಂದು ವಿಳಾಸವನ್ನೂ ಹುಡುಕಿ ನೋಡಿ; ಪದ ಅರ್ಧ ತಪ್ಪಾಗಿ ಓದಿರಬಹುದಾದ್ದರಿಂದ ಆ ಪುಟದ ಪಠ್ಯವನ್ನು ಕಣ್ಣಿನಿಂದಲೂ ಒಮ್ಮೆ ಓದಿ.